"ಅಂತೂ ಇಂತೂ ಇವನಿಗೂ...": ತಮಾಷೆಯ ಸಾಲಿನಲ್ಲಿ ಮುಳ್ಳು ಎಲ್ಲಿರುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ಹನ್ನೆರಡು ವರ್ಷಗಳ ಮೇಲೆ ನಾವು ಏಳು ಮಂದಿ ಕಾಲೇಜು ಗೆಳೆಯರು ಎರಡು ದಿನ ಒಟ್ಟಿಗೆ ತಿರುಗಾಡಿ ಬಂದೆವು. ನಾನು ತೆಗೆದ ಒಂದು ಫೋಟೊದಲ್ಲಿ ಐದು ಜನ ನೀರಿಗಿಳಿದು ಕುಣಿಯುತ್ತಿದ್ದಾರೆ. ಒಬ್ಬ ಮಾತ್ರ ದಡದಲ್ಲಿ ಎಲ್ಲರ ಬ್ಯಾಗು, ಚಪ್ಪಲಿ, ಫೋನು ಹೊತ್ತುಕೊಂಡು ನಿಂತಿದ್ದಾನೆ. ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಅದಕ್ಕೆ "ಅಂತೂ ಇಂತೂ ಇವನಿಗೂ ಒಂದು ಕೆಲಸ ಸಿಕ್ತು!" ಅಂತ ಬರೆದು, ನಗುವ ಮುಖ ಹಾಕಿ, ಅವನನ್ನು ಟ್ಯಾಗ್ ಮಾಡಿ ಫೇಸ್‌ಬುಕ್‌ಗೆ ಹಾಕಬೇಕೆಂದಿದ್ದೆ. ಅವನ ಕಂಪನಿ ಮುಚ್ಚಿ ಎಂಟು ತಿಂಗಳಾಯಿತು, ಕೆಲಸ ಹುಡುಕುತ್ತಿದ್ದಾನೆ. ಆದರೆ ನಮ್ಮ ಗ್ರೂಪಿನಲ್ಲಿ ಅವನೇ "ನಾನು ನಿರುದ್ಯೋಗಿಗಳ ಸಂಘದ ಅಧ್ಯಕ್ಷ" ಅಂತೆಲ್ಲ ನಗಿಸುತ್ತಾನೆ. ನನ್ನ ಹೆಂಡತಿ ಓದಿ "ಬೇಡ ಅನ್ಸತ್ತೆ" ಅಂದಳು, ಯಾಕೆ ಅಂದರೆ ಹೇಳಲು ಅವಳಿಗೂ ಗೊತ್ತಾಗಲಿಲ್ಲ. ಅವನನ್ನೇ ಕೇಳಿದರೆ "ಹಾಕೋ ಮಾರಾಯ" ಅನ್ನುತ್ತಾನೆ, ಅದು ಖಚಿತ. ನಾನೇ ಅತಿಯಾಗಿ ಯೋಚಿಸುತ್ತಿದ್ದೇನಾ? ನಗು ಉಳಿಸಿಕೊಂಡು ಸ್ವಲ್ಪ ಮೆತ್ತಗೆ ಮಾಡಲು ಬರುತ್ತದಾ?

ಉತ್ತರ: ಈ ರೂಪದಲ್ಲಿ ಹಾಕಬೇಡಿ. ನಿಮ್ಮ ಹೆಂಡತಿಯ ಕಿವಿಗೆ ಏನೋ ತಾಗಿದೆ, ಅದು ಸರಿಯಾಗಿಯೇ ತಾಗಿದೆ. ಅವರಿಗೆ ಹೇಳಲಾಗದೆ ಹೋದದ್ದು ಏನು ಅನ್ನುವುದನ್ನು ನಿಮ್ಮ ಸಾಲನ್ನೇ ಬಿಚ್ಚಿ ತೋರಿಸುತ್ತೇನೆ.

"ಇವನಿಗೆ ಒಂದು ಕೆಲಸ ಸಿಕ್ತು" ಎಂದಷ್ಟೇ ಬರೆದಿದ್ದರೆ, ಅವನ ಸಂಗತಿ ಗೊತ್ತಿಲ್ಲದವರು ಬ್ಯಾಗು ಕಾಯುವ ಕೆಲಸ ಅಂದುಕೊಂಡು ಮುಂದೆ ಹೋಗುತ್ತಿದ್ದರು. ನೀವು ಅದರ ಆರಂಭದಲ್ಲಿ "ಅಂತೂ ಇಂತೂ" ಇಟ್ಟಿರಿ. ಬಹಳ ಕಾಲ ಕಾದು, ಒದ್ದಾಡಿ, ಆಸೆ ಬಿಡುವ ಹೊತ್ತಿಗೆ ಆದದ್ದಕ್ಕೆ ನಾವು ಆ ಮಾತು ಬಳಸುತ್ತೇವೆ. ಎಂಟು ತಿಂಗಳು ಆ ಎರಡು ಪದದೊಳಗೆ ಬಂದು ಕೂತವು. ಆಮೇಲೆ "ಇವನಿಗೆ" ಎನ್ನುವುದನ್ನು "ಇವನಿಗೂ" ಮಾಡಿದಿರಿ. "ಅವನು ಪಾಸಾದ" ಅನ್ನುವುದಕ್ಕೂ "ಅವನೂ ಪಾಸಾದ" ಅನ್ನುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಮೊದಲನೆಯದು ಸುದ್ದಿ. ಎರಡನೆಯದರಲ್ಲಿ, ಹೇಳುವ ದನಿ ಸ್ವಲ್ಪ ಆಚೀಚೆಯಾದರೆ, ಅವನ ಯೋಗ್ಯತೆಯ ಬಗ್ಗೆ ಒಂದು ತೀರ್ಪೂ ಇರುತ್ತದೆ. ಬರೀ ಒಂದು ದೀರ್ಘ ಅಷ್ಟು ಕೆಲಸ ಮಾಡುತ್ತದೆ.

ಬರೆಯುವಾಗ ನಮ್ಮ ಗಮನ ನಗು ತರಿಸುವ ದೊಡ್ಡ ಪದದ ಮೇಲಿರುತ್ತದೆ, ಇಲ್ಲಿ ಅದು "ಕೆಲಸ". ಟ್ಯಾಗ್ ಆದವನು ಓದುವುದು ಸಣ್ಣವನ್ನು. ಕೊನೆಗೂ, ಮಾತ್ರ, ಇನ್ನೂ, ಕೂಡ, ಅಪರೂಪಕ್ಕೆ, ಈ ಸಲವಾದರೂ. ಇವುಗಳಲ್ಲಿ ಪ್ರತಿಯೊಂದೂ ಬರೆಯದೆ ಬಿಟ್ಟ ಇನ್ನೊಂದು ವಾಕ್ಯವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. "ಈ ಸಲವಾದರೂ ಟೈಮಿಗೆ ಬಂದಳು" ಎಂದರೆ ಉಳಿದ ಯಾವ ಸಲವೂ ಬರುವುದಿಲ್ಲ ಎಂದಾಯಿತು. ನೀವು ಬರೆದ ವಾಕ್ಯವನ್ನು ಯಾರು ಬೇಕಾದರೂ ತಮಾಷೆ ಎಂದು ತಳ್ಳಿಹಾಕಬಹುದು. ಬರೆಯದೆ ಬಿಟ್ಟ ವಾಕ್ಯವನ್ನು ತಳ್ಳಿಹಾಕುವುದು ಕಷ್ಟ, ಅದನ್ನು ಯಾರೂ ಹೇಳಿಯೇ ಇಲ್ಲವಲ್ಲ.

ಆದ್ದರಿಂದ ಶೀರ್ಷಿಕೆ ಬರೆದ ಮೇಲೆ ನಾನು ಮಾಡಲು ಹೇಳುವ ಮೊದಲ ಕೆಲಸ ಇದು. ಆ ವ್ಯಕ್ತಿಯನ್ನು ಕಂಡೇ ಇರದ ಒಬ್ಬರು ಈ ಸಾಲು ಓದಿದರೆಂದು ಇಟ್ಟುಕೊಳ್ಳಿ. ಓದಿ ಮುಗಿಸಿದ ಮೇಲೆ ಅವರಿಗೆ ಈತನ ಬಗ್ಗೆ ಹೊಸದಾಗಿ ಏನು ತಿಳಿಯಿತು? ಅದನ್ನು ನಗುವಿಲ್ಲದೆ, ಸರಳ ವಾಕ್ಯದಲ್ಲಿ, ಒಂದು ಕಾಗದದ ಮೇಲೆ ಬರೆಯಿರಿ. ನಿಮ್ಮ ವಿಷಯದಲ್ಲಿ ಅದು ಹೀಗೆ ಬರುತ್ತದೆ: "ಈತನಿಗೆ ಬಹಳ ದಿನಗಳಿಂದ ಕೆಲಸವಿಲ್ಲ, ಗೆಳೆಯರು ಅದನ್ನು ಆಡಿಕೊಳ್ಳುತ್ತಾರೆ." ಈ ವಾಕ್ಯವನ್ನು ಅವನ ಗೋಡೆಯ ಮೇಲೆ ನೀವು ಬರೆಯುತ್ತಿದ್ದಿರಾ? ಬರೆಯುತ್ತಿರಲಿಲ್ಲ. ತಮಾಷೆಯ ಸಾಲು ಅದನ್ನೇ ಬರೆದಿದೆ, ಅಷ್ಟೇ.

ಇನ್ನೂ ಒಂದು ರೀತಿಯಲ್ಲಿ ನೋಡಬಹುದು. ಇದೇ ಶೀರ್ಷಿಕೆಯನ್ನು ನೀರಿನಲ್ಲಿರುವ ಐವರಲ್ಲಿ ಒಬ್ಬ, ಒಳ್ಳೆಯ ಹುದ್ದೆಯಲ್ಲಿದ್ದು ಉಸಿರಾಡಲೂ ಪುರುಸೊತ್ತಿಲ್ಲದವನ ಮೇಲೆ ಹಾಕಿ ಓದಿ. ಆಗಲೂ ನಗು ಬರುತ್ತದೆ, ಚುಚ್ಚುವುದಿಲ್ಲ. ಕಾರಣ, ಅದು ಎಲ್ಲರಿಗೂ ಗೊತ್ತಿರುವ ಸುಳ್ಳು. ಕೀಟಲೆ ಪೂರ್ತಿ ಸುಳ್ಳಾಗಿದ್ದರೆ ಹಗುರ. ಅರ್ಧ ನಿಜವಾಗಿದ್ದು, ಆ ನಿಜವನ್ನು ಬದಲಿಸಲು ಆ ಮನುಷ್ಯ ದಿನವೂ ಹೆಣಗುತ್ತಿದ್ದರೆ ಭಾರ. ನಿಮ್ಮ ಸಾಲು ಈ ಗೆಳೆಯನ ಮೇಲೆ ಹೆಚ್ಚು ನಗು ತರಿಸುತ್ತದೆ, ಉದ್ಯೋಗಸ್ಥನ ಮೇಲೆ ಕಡಿಮೆ. ಆ ಹೆಚ್ಚಿನ ನಗು ಎಲ್ಲಿಂದ ಬಂತು ಎಂದು ನೋಡಿದರೆ ಸಾಕು.

ಈಗ "ಅವನೇ ಹೇಳಿಕೊಳ್ಳುತ್ತಾನಲ್ಲ" ಅನ್ನುವ ಮಾತು. ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಗೆಳೆಯರ, ಅಕ್ಕತಂಗಿಯರ ಮನಸ್ತಾಪಗಳಲ್ಲಿ ನಾನು ಅತಿ ಹೆಚ್ಚು ಕೇಳುವ ಸಮರ್ಥನೆ ಇದೇ. ದಪ್ಪಗಿರುವವಳು ತನ್ನ ದಪ್ಪದ ಬಗ್ಗೆ, ಕೂದಲು ಉದುರಿದವನು ತನ್ನ ತಲೆಯ ಬಗ್ಗೆ, ಕೆಲಸ ಕಳೆದುಕೊಂಡವನು ತನ್ನ ಖಾಲಿ ದಿನಗಳ ಬಗ್ಗೆ ತಾನೇ ಮೊದಲು ನಗೆಯಾಡುವುದು ಸಾಮಾನ್ಯ. ಅದು ಎಲ್ಲರಿಗೂ ಕೊಟ್ಟ ಅನುಮತಿ ಅಲ್ಲ. ಬಹಳ ಸಲ ಅದು ಬೇಲಿ. ಇನ್ನೊಬ್ಬರು ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ಎಷ್ಟು ಹೇಳಬೇಕು, ಯಾರ ಮುಂದೆ ಹೇಳಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ನನ್ನ ಕೈಯಲ್ಲೇ ಉಳಿಯುತ್ತದೆ. ನಿಮ್ಮ ಗೆಳೆಯ ತನ್ನನ್ನು "ಅಧ್ಯಕ್ಷ" ಎಂದು ಕರೆದುಕೊಂಡಿದ್ದಾನೆ, ಗಮನಿಸಿದಿರಾ? ಆ ತಮಾಷೆಯಲ್ಲಿ ಅವನಿಗೊಂದು ಕುರ್ಚಿ ಇದೆ. ನಿಮ್ಮ ತಮಾಷೆಯಲ್ಲಿ ಅವನ ಕೈಗೆ ಬಂದದ್ದು ಚಪ್ಪಲಿ. ವಿಷಯ ಒಂದೇ ಆದರೂ ಅವನನ್ನು ನಿಲ್ಲಿಸಿದ ಜಾಗ ಬೇರೆ.

ಅವನು ಹೇಳಿಕೊಂಡದ್ದು ಏಳು ಜನರ ಗ್ರೂಪಿನಲ್ಲಿ ಅನ್ನುವುದೂ ಇದೆ. ಫೇಸ್‌ಬುಕ್‌ನಲ್ಲಿ ಒಬ್ಬರನ್ನು ಟ್ಯಾಗ್ ಮಾಡಿದಾಗ, ಸೆಟ್ಟಿಂಗ್ ಬದಲಿಸಿರದಿದ್ದರೆ, ನಿಮ್ಮ ಪೋಸ್ಟು ನಿಮ್ಮ ಸ್ನೇಹಿತರಿಗೆ ಮಾತ್ರವಲ್ಲದೆ ಅವನ ಸ್ನೇಹಿತರಿಗೂ ಕಾಣುವ ಸಾಧ್ಯತೆ ಇರುತ್ತದೆ. ಅಂದರೆ ಅವನ ಹಳೆಯ ಸಹೋದ್ಯೋಗಿಗಳು, ಅತ್ತೆಮನೆಯವರು, ಚಿಕ್ಕಪ್ಪನ ಮಕ್ಕಳು, ಒಂದು ಕಾಲಕ್ಕೆ ಅವನ ಕೈಕೆಳಗೆ ಕೆಲಸ ಮಾಡಿದವರು, ನಾಳೆ ಅವನ ಅರ್ಜಿ ನೋಡಬಹುದಾದವರು. ಇವರಲ್ಲಿ ಎಷ್ಟು ಜನಕ್ಕೆ ಅವನು ಸುದ್ದಿ ಹೇಳಿದ್ದಾನೆ, ಎಷ್ಟು ಜನಕ್ಕೆ "ಸದ್ಯ ಬ್ರೇಕ್ ತಗೊಂಡಿದೀನಿ" ಅಂದಿದ್ದಾನೆ, ನಿಮಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅವನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಅಳೆದು ಹೇಳಿಕೊಂಡು ಬಂದದ್ದನ್ನು ಟ್ಯಾಗ್ ಒಂದೇ ಏಟಿಗೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿಬಿಡುತ್ತದೆ.

ಇನ್ನು ನಗುವ ಮುಖ. ಅದು ಸಾಲನ್ನು ಮೆತ್ತಗೆ ಮಾಡುತ್ತದೆ ಎಂಬ ನಂಬಿಕೆ ತುಂಬ ಗಟ್ಟಿಯಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೆಲವು ವ್ಯಂಗ್ಯದ, ಕೆಲವು ಗಂಭೀರ ವಾಕ್ಯಗಳನ್ನು ಕೆಲವರು ಇ-ಮೇಲ್‌ನಲ್ಲಿ, ಕೆಲವರು ದನಿಯಲ್ಲಿ ಇನ್ನೊಬ್ಬರಿಗೆ ಮುಟ್ಟಿಸಬೇಕಿತ್ತು. ಯಾವ ದಾರಿಯಲ್ಲಿ ಹೋದರೂ ನೂರಕ್ಕೆ ಸುಮಾರು 78ರಷ್ಟು ಸರಿಯಾಗಿ ಅರ್ಥವಾಗುತ್ತದೆ ಎಂದು ಕಳಿಸಿದವರು ಅಂದಾಜು ಮಾಡಿದ್ದರು. ದನಿಯಲ್ಲಿ ಕೇಳಿದವರು ಸುಮಾರು 73ರಷ್ಟು ಸರಿಯಾಗಿ ಗುರುತಿಸಿದರು. ಇ-ಮೇಲ್ ಓದಿದವರದು ಸುಮಾರು 56, ನಾಣ್ಯ ಚಿಮ್ಮಿ ಹೇಳಿದ್ದರೂ ಅದರ ಹತ್ತಿರ ಬರುತ್ತಿತ್ತು. ಬರೆಯುವಾಗ ನಮ್ಮ ತಲೆಯಲ್ಲಿ ನಮ್ಮದೇ ದನಿ ಮೊಳಗುತ್ತಿರುತ್ತದೆ, ಆ ದನಿ ಅಕ್ಷರದ ಜೊತೆ ಹೋಗುವುದಿಲ್ಲ ಎನ್ನುವುದು ಮರೆತುಹೋಗುತ್ತದೆ.

ಹಾಗಾದರೆ ನಗುವ ಮುಖ ಆ ದನಿಯ ಜಾಗ ತುಂಬುವುದಿಲ್ಲವೇ? ಸ್ವಲ್ಪ ತುಂಬುತ್ತದೆ. ಆದರೆ ಅದು ಬಗೆಹರಿಸುವ ತೊಂದರೆ ನಿಮ್ಮದಲ್ಲ. "ಇದು ತಮಾಷೆ" ಎಂದು ಅದು ಹೇಳುತ್ತದೆ. "ಇದು ಸುಳ್ಳು" ಎಂದು ಹೇಳುವುದಿಲ್ಲ. ನೀವು ತಮಾಷೆ ಮಾಡುತ್ತಿದ್ದೀರಿ ಎನ್ನುವುದು ನಿಮ್ಮ ಗೆಳೆಯನಿಗೆ ಮೊದಲೇ ಗೊತ್ತು. ಅವನ ಎದೆಯಲ್ಲಿ ಚಳಕ್ ಅನ್ನಿಸುವುದು ಅದು ನಿಜವೂ ಹೌದು ಎನ್ನುವ ಕಾರಣಕ್ಕೆ. ಮೂರು ಮುಖ ಹಾಕಿದರೆ ಮೂರು ಜನ ನಕ್ಕಂತಾಗುತ್ತದೆಯೇ ಹೊರತು ನಿಜ ಕರಗುವುದಿಲ್ಲ. ಇದೇ ಕ್ರೂಗರ್ ಮತ್ತು ಸಂಗಡಿಗರು ಮರುವರ್ಷ ಕೀಟಲೆಯ ಬಗ್ಗೆಯೇ ಅಧ್ಯಯನ ಮಾಡಿದರು. ಕೀಟಲೆ ಮಾಡಿದವರು ತಮ್ಮ ಒಳ್ಳೆಯ ಉದ್ದೇಶವನ್ನೂ ಸೇರಿಸಿ ಅದನ್ನು ಅಳೆಯುತ್ತಾರೆ, ಮಾಡಿಸಿಕೊಂಡವರ ಅಳತೆಗೆ ಆ ಉದ್ದೇಶ ಅಷ್ಟಾಗಿ ಸಿಗುವುದಿಲ್ಲ, ಹಾಗಾಗಿ ಒಂದೇ ಕೀಟಲೆ ಒಬ್ಬರಿಗೆ ಹಗುರವಾಗಿ, ಇನ್ನೊಬ್ಬರಿಗೆ ಭಾರವಾಗಿ ಕಾಣುತ್ತದೆ ಎನ್ನುವುದು ಅದರ ತಿರುಳು. "ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ" ಎಂದು ನಂತರ ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಅವರ ಮನಸ್ಸಿನಲ್ಲಿ ಇರಲಿಲ್ಲ, ಸಾಲಿನಲ್ಲಿತ್ತು.

ಇಷ್ಟಾದರೂ ನಿಮಗೆ ಅನುಮಾನ ಉಳಿದಿದ್ದರೆ ಇನ್ನೊಂದು ಪರೀಕ್ಷೆ ಇದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೇಗ ಕಣ್ಣು ತೆರೆಸುವುದು ಇದೇ. ಶೀರ್ಷಿಕೆಯ ಕೆಳಗೆ ಬರುವ ಮೊದಲ ನಾಲ್ಕು ಕಾಮೆಂಟುಗಳನ್ನು ನೀವೇ ಬರೆದು ನೋಡಿ. ನಾನೇ ಬರೆದುಕೊಡುತ್ತೇನೆ. ಒಬ್ಬ ಗೆಳೆಯ: "ಸಂಬಳ ಎಷ್ಟಂತೆ?" ಇನ್ನೊಬ್ಬ: "ಪರ್ಮನೆಂಟಾ, ಕಾಂಟ್ರಾಕ್ಟಾ?" ಮೂರನೆಯವರು, ಅವನ ದೂರದ ಅತ್ತೆ, ತಮಾಷೆಯೆಂದು ಗೊತ್ತಾಗದೆ: "ಕಂಗ್ರಾಟ್ಸ್ ಕಣೋ, ಯಾವ ಕಂಪನಿ?" ನಾಲ್ಕನೆಯವರು, ಹಳೆಯ ಸಹೋದ್ಯೋಗಿ: "ಅಯ್ಯೋ, ಇನ್ನೂ ಎಲ್ಲೂ ಆಗಿಲ್ವಾ?" ಮೊದಲೆರಡಕ್ಕೆ ಅವನು ನಕ್ಕಾನು. ಮೂರನೆಯದಕ್ಕೆ ಏನು ಉತ್ತರ ಕೊಡುತ್ತಾನೆ? ಆ ಅತ್ತೆಗೆ, ಎಲ್ಲರ ಎದುರಿಗೆ, ಇಲ್ಲ ಅತ್ತೆ ನನಗೆ ಕೆಲಸ ಸಿಕ್ಕಿಲ್ಲ ಎಂದು ಅವನೇ ಟೈಪು ಮಾಡಬೇಕು. ನೀವು ಬರೆದದ್ದು ಒಂದು ಸಾಲು, ನಿಜ. ಆದರೆ ಶೀರ್ಷಿಕೆ ಒಂದು ವಿಷಯವನ್ನು ಸಭೆಗೆ ಇಟ್ಟ ಹಾಗೆ. ಇಟ್ಟ ಮೇಲೆ ಯಾರು ಏನು ಮಾತಾಡುತ್ತಾರೆ ಅನ್ನುವುದು ನಿಮ್ಮ ಹಿಡಿತದಲ್ಲಿಲ್ಲ, ಉತ್ತರ ಕೊಡುವ ಪಾಳಿ ಮಾತ್ರ ಅವನದು.

ಇಲ್ಲಿಗೆ ಬಂದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. "ಸರಿ ಬಿಡಿ, ಅವನ ತಂಟೆಗೇ ಹೋಗುವುದಿಲ್ಲ" ಎಂದು ಫೋಟೊವನ್ನೇ ಬಿಡುತ್ತಾರೆ, ಇಲ್ಲವೇ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಕೀಟಲೆ ಮಾಡುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಮನುಷ್ಯನಿಗೆ ಕಾಣುವ ಒಂದು ಬದಲಾವಣೆ ಎಂದರೆ ಎಲ್ಲರೂ ತನ್ನೊಡನೆ ಹುಷಾರಾಗಿ ಮಾತಾಡಲು ತೊಡಗುವುದು. ಗೆಳೆಯರ ಕೀಟಲೆಯಿಂದ ಹೊರಗಿಡುವುದು ಅದರ ಇನ್ನೊಂದು ರೂಪ. ಅವನ ಕಾಲೆಳೆಯಿರಿ. ಕೆಲಸದ ಹಗ್ಗ ಹಿಡಿದು ಎಳೆಯಬೇಡಿ, ಅಷ್ಟೇ.

ಹಾಗಾದರೆ ಸಾಲನ್ನು ತಿದ್ದೋಣ. ಸುಲಭದ ತಿದ್ದುಪಡಿ ಸಣ್ಣ ಪದಗಳನ್ನು ಕಿತ್ತುಹಾಕುವುದು: "ಇವನಿಗೆ ಒಂದು ಕೆಲಸ ಸಿಕ್ತು!" ಮೊದಲಿಗಿಂತ ವಾಸಿ, ಸಾಲದು. "ಕೆಲಸ ಸಿಗುವುದು" ಎನ್ನುವ ನುಡಿಗಟ್ಟೇ ಉದ್ಯೋಗದ ಕಡೆ ಬೆರಳು ತೋರಿಸುತ್ತದೆ, ಅತ್ತೆಯ ಕಾಮೆಂಟು ಆಗಲೂ ಬರುತ್ತದೆ. "ಡ್ಯೂಟಿ ಮೇಲಿದ್ದಾನೆ", "ನಮ್ಮ ವಾಚ್‌ಮನ್" ಎಂದು ಬದಲಿಸಿದರೂ ಅದೇ ಹಾದಿ. ಅದರ ಮೇಲೆ ವಾಚ್‌ಮನ್ ಕೆಲಸ ಮಾಡುವವರನ್ನೂ ಸುಮ್ಮನೆ ನಗೆಗೆ ಎಳೆದಂತಾಗುತ್ತದೆ. ಒಟ್ಟಿನಲ್ಲಿ ಸಂಬಳ, ಹುದ್ದೆ, ಡ್ಯೂಟಿ, ಖಾಲಿ, ಪುರುಸೊತ್ತು ಎಂಬ ಪದಗಳ ಇಡೀ ಕುಟುಂಬವನ್ನೇ ಈ ಫೋಟೊದಿಂದ ದೂರವಿಡಿ.

ಎರಡನೆಯ ತಿದ್ದುಪಡಿ ಹೊಗಳಿಕೆಗೆ ತಿರುಗುವುದು. "ಎಲ್ಲರ ಭಾರ ಹೊತ್ತ ದೊಡ್ಡ ಮನಸ್ಸಿನ ಗೆಳೆಯ" ಎಂದು ಬರೆಯಲು ಕೈ ಓಡುತ್ತದೆ. ದಯವಿಟ್ಟು ಬೇಡ. ಹನ್ನೆರಡು ವರ್ಷ ಒಬ್ಬರನ್ನೊಬ್ಬರು ಗೋಳುಹುಯ್ದುಕೊಂಡವರು ದಿಢೀರನೆ ಸನ್ಮಾನಪತ್ರ ಓದಿದರೆ ಅದರಲ್ಲಿ ಕನಿಕರದ ವಾಸನೆ ಬಂದೇ ಬರುತ್ತದೆ. ಚುಚ್ಚು ಮಾತಿಗೆ ತಿರುಗಿ ಉತ್ತರ ಕೊಡಬಹುದು, ಕನಿಕರಕ್ಕೆ ಏನು ಉತ್ತರ ಕೊಡುವುದು?

ಮೂರನೆಯದು, ಫೋಟೊವನ್ನೇ ಮತ್ತೆ ನೋಡುವುದು. ನಿಮ್ಮ ಮೊದಲ ಸಾಲಿನ ದೋಷ ಏನೆಂದರೆ ಅದು ಚಿತ್ರದಲ್ಲಿಲ್ಲದ ಸಂಗತಿಯ ಮೇಲೆ ನಿಂತಿದೆ. ಕೆಲಸ ಹೋದದ್ದು ಚಿತ್ರದಲ್ಲಿಲ್ಲ. ಚಿತ್ರದಲ್ಲಿರುವುದು ಏನು? ಒಬ್ಬನ ಮೈಮೇಲೆ ಆರು ಬ್ಯಾಗು, ಕಂಕುಳಲ್ಲಿ ಚಪ್ಪಲಿ, ನೀರಿನಲ್ಲಿ ಮಕ್ಕಳ ಹಾಗೆ ಕುಣಿಯುವ ಐದು ಜನ, ಮತ್ತು ಕಾಣದೆ ಇರುವ ನೀವು, ಸಹಾಯ ಮಾಡುವುದು ಬಿಟ್ಟು ಫೋಟೊ ತೆಗೆಯುತ್ತಿರುವವರು. ನಗು ಅಲ್ಲೇ ಬೇಕಾದಷ್ಟು ಬಿದ್ದಿದೆ. ಆ ಗಳಿಗೆಯ ಮೇಲಿನ ನಗು ಮುಂದಿನ ಗಳಿಗೆಗೆ ಮುಗಿಯುತ್ತದೆ. ಅವನು ಬ್ಯಾಗು ಕೆಳಗಿಟ್ಟ, ಆಯಿತು. ಅವನ ಸ್ಥಿತಿಯ ಮೇಲಿನ ನಗು ಅವನ ಜೊತೆ ಮನೆಗೆ ಹೋಗುತ್ತದೆ.

ಹೀಗೆ ನೋಡಿದರೆ ಕೀಟಲೆಯ ಮುಖ ತಾನಾಗಿ ತಿರುಗುತ್ತದೆ. "ಈ ಫೋಟೊದಲ್ಲಿ ಬುದ್ಧಿ ಇರೋನು ಒಬ್ಬನೇ, ಅವನ ಕೈಲಿ ನಮ್ಮೆಲ್ಲರ ಫೋನು." ಇಲ್ಲಿ ಪೆದ್ದರಾದವರು ನೀವು ಆರು ಜನ. ಅವನ ಕೈಯಲ್ಲಿರುವುದು ಅಧಿಕಾರ. "ಒಬ್ಬನೇ" ಎನ್ನುವ ಸಣ್ಣ ಪದ ಇಲ್ಲೂ ಬಂದಿದೆ, ಆದರೆ ಈಗ ಅದರ ಬೆನ್ನಿಗಿರುವ ಬರೆಯದ ವಾಕ್ಯ "ಉಳಿದವರಿಗೆ ಬುದ್ಧಿಯಿಲ್ಲ" ಎಂಬುದು. ನಿಮ್ಮ ಮೇಲೆ ನೀವೇ ಹೇಳಿಕೊಂಡದ್ದು. ಕಾಮೆಂಟು ಪರೀಕ್ಷೆಗೆ ಇಡಿ: "ಅವನಿಗೆ ಪಾಸ್‌ವರ್ಡ್ ಗೊತ್ತಾ?", "ಒಂದು ಫೋನ್ ಮಾರಿಬಿಡೋ", "ನೀರಿಗೆ ಹೆದರೋ ಪುಕ್ಕಲ". ಮೂರನೆಯದು ಸ್ವಲ್ಪ ಚುರುಕು, ಆದರೂ ಅದು ಅವನು ನಿಂತಲ್ಲೇ ಉತ್ತರ ಕೊಡಬಲ್ಲ ಚುರುಕು. ನಿಜವಾಗಿ ನೀರಿನ ಭಯ ಇದ್ದು, ಅದನ್ನು ಅವನು ಮುಚ್ಚಿಟ್ಟವನಾಗಿದ್ದರೆ ಮಾತು ಬೇರೆ. ಅದು ನಿಮಗೆ ಗೊತ್ತಿರುತ್ತದೆ.

ಸ್ವಲ್ಪ ಖಾರ ಬೇಕು ಅನ್ನುವವರಿಗೆ ಇನ್ನೊಂದು: "ಕಾಲೇಜಲ್ಲಿ ನೋಟ್ಸ್ ಇವನೇ ಹೊತ್ತ, ಇವತ್ತು ಬ್ಯಾಗೂ ಇವನೇ ಹೊತ್ತ. ನಾವು ಸುಧಾರಿಸಿಲ್ಲ." ಇದರಲ್ಲಿ ಹಳೆಯ ಸ್ನೇಹ ಇದೆ, ಕೀಟಲೆ ಇದೆ, ಕೊನೆಯ ಏಟು ನಿಮಗೇ ಬೀಳುತ್ತದೆ. ಅವನು ನಿಜಕ್ಕೂ ನೋಟ್ಸ್ ಕೊಡುತ್ತಿದ್ದವನಾಗಿದ್ದರೆ ಮಾತ್ರ ಹಾಕಿ. ಕಟ್ಟಿದ ನೆನಪು ಮತ್ತೆ ಸನ್ಮಾನಪತ್ರವೇ ಆಗುತ್ತದೆ.

ಟ್ಯಾಗ್ ಮಾಡದೆ ನಿಮ್ಮ ಮೊದಲಿನ ಸಾಲನ್ನೇ ಹಾಕಿದರೆ ಹೇಗೆ ಎಂದು ನೀವು ಕೇಳಿಲ್ಲ, ಆದರೆ ಬಹಳ ಜನ ಹಾಗೆ ಮಾಡುತ್ತಾರೆ. ಅದು ಹೆಚ್ಚು ಕೆಟ್ಟದ್ದು. ಟ್ಯಾಗ್ ಮಾಡಿದರೆ ಎದುರಿಗೆ ಹೇಳಿದ ಹಾಗೆ, ಅವನಿಗೆ ತಕ್ಷಣ ತಿಳಿಯುತ್ತದೆ, ಬೇಡವಾದರೆ ಟ್ಯಾಗ್ ತೆಗೆಯಬಹುದು. ಟ್ಯಾಗ್ ಇಲ್ಲದೆ ಹಾಕಿ, ಎರಡು ದಿನದ ಮೇಲೆ ಇನ್ಯಾರೋ ಅವನಿಗೆ ತೋರಿಸಿದರೆ ಬೆನ್ನ ಹಿಂದೆ ಆಡಿಕೊಂಡ ಹಾಗಾಗುತ್ತದೆ. ಆ ಸಾಲು ನಿಮಗೆ ಅಷ್ಟು ಇಷ್ಟವಾಗಿದ್ದರೆ ಅದಕ್ಕೆ ಜಾಗ ನಿಮ್ಮ ಏಳು ಜನರ ಗ್ರೂಪು, ಅದೂ ಅವನು ಅಧ್ಯಕ್ಷಗಿರಿಯ ಮಾತು ತಾನೇ ಎತ್ತಿದ ದಿನ. ಅಲ್ಲಿ ಅವನು ತಿರುಗಿ ನಾಲ್ಕು ಬೈದು ಲೆಕ್ಕ ಚುಕ್ತಾ ಮಾಡಬಹುದು. ಅಲ್ಲಿಂದ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಆಚೆಗೆ ಕಳಿಸುವ ಅಪಾಯ ಇದ್ದೇ ಇದೆ, ನಿಮ್ಮ ಗ್ರೂಪಿನವರನ್ನು ನೀವೇ ಬಲ್ಲಿರಿ.

ಅವನನ್ನೇ ಕೇಳುವ ಬಗ್ಗೆ. "ಹಾಕೋ ಮಾರಾಯ" ಎನ್ನುತ್ತಾನೆ ಎಂದು ನಿಮಗೆ ಮೊದಲೇ ಗೊತ್ತಿದೆಯಲ್ಲ, ಅಂದರೆ ಆ ಉತ್ತರಕ್ಕೆ ಬೆಲೆಯಿಲ್ಲ ಎನ್ನುವುದೂ ಗೊತ್ತಿದೆ. "ಇದು ಹಾಕ್ಲಾ, ಬೇಜಾರಿಲ್ಲ ತಾನೆ?" ಎಂದು ಕೇಳಿದರೆ ಅವನ ಮುಂದಿರುವ ದಾರಿ ಎರಡೇ. ಹೂಂ ಅನ್ನಬೇಕು, ಇಲ್ಲವೇ ನನಗೆ ಇದು ನೋಯುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಎರಡನೆಯದನ್ನು ಗೆಳೆಯರ ನಡುವೆ ಹೇಳುವ ಗಂಡಸರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ, ಹೆಂಗಸರೂ ಬಹಳ ಹೆಚ್ಚೇನಿಲ್ಲ. ಕೇಳುವ ರೀತಿಯಲ್ಲೇ ಬೇಡ ಎನ್ನಲು ಅಗ್ಗದ ದಾರಿ ಇರಬೇಕು. ಹೊಸ ಸಾಲುಗಳಲ್ಲಿ ಎರಡನ್ನು ಕಳಿಸಿ "ಯಾವುದು ಹಾಕ್ಲಿ, ಇಲ್ಲಾ ನೀನೇ ಒಂದು ಬರಿ" ಎಂದು ಕೇಳಿ. ಆಗ ಅವನು ಒಂದನ್ನು ಬಿಡಬಹುದು, ಯಾಕೆಂದು ಹೇಳಬೇಕಾಗಿಲ್ಲ. ಮೊದಲಿನ ಸಾಲನ್ನು ಆ ಎರಡರ ಜೊತೆ ಸೇರಿಸಬೇಡಿ. ಅವನೇ ನಗುತ್ತ ಅದನ್ನು ಆರಿಸಿಬಿಡುವ ಸಾಧ್ಯತೆ ಇದೆ, ತಾನು ಗಟ್ಟಿಯಿದ್ದೇನೆ ಎಂದು ತೋರಿಸಲು. "ನೀನೇ ಬರಿ" ಎಂದದ್ದಕ್ಕೆ ಅವನಾಗಿಯೇ ಕೆಲಸದ ತಮಾಷೆ ಬರೆದು ಕಳಿಸಿದರೆ ಅದು ಅವನ ಮಾತು. ಅದನ್ನು ಅವನ ಹೆಸರಿನಲ್ಲೇ, ಕಾಮೆಂಟಿನಲ್ಲಿ, ಅವನೇ ಹಾಕಲಿ.

ಇಷ್ಟೆಲ್ಲ ಜರಡಿ ಹಿಡಿದರೂ ತಪ್ಪಿಸಿಕೊಂಡು ಹೋಗುವುದೊಂದು ಇದೆ, ನನ್ನಿಂದಲೇ ಆದದ್ದು. ಒಮ್ಮೆ ನನ್ನ ಅಕ್ಕನ ಫೋಟೊಗೆ "ಕ್ಯಾಮೆರಾ ಕಂಡಾಗ ಮಾತ್ರ ನಗುವ ನಮ್ಮಕ್ಕ" ಎಂದು ಬರೆದು ಟ್ಯಾಗ್ ಮಾಡಿದೆ. ಅಕ್ಕ ಐದೇ ನಿಮಿಷಕ್ಕೆ "ಹೌದು ಕಣೆ" ಎಂದು ನಗುವ ಮುಖ ಹಾಕಿದಳು. ಮೂರು ತಿಂಗಳಾದ ಮೇಲೆ ಏನೋ ಮಾತಿಗೆ, ಆ ದಿನಗಳಲ್ಲಿ ತಾನು ರಾತ್ರಿ ನಿದ್ದೆಯಿಲ್ಲದೆ ಡಾಕ್ಟರ ಬಳಿ ಹೋಗುತ್ತಿದ್ದೆ ಎಂದೂ, ಆ ಸಾಲು ಓದಿ "ಇವಳಿಗೂ ಗೊತ್ತಾಯಿತಾ" ಎಂದು ಕೈ ನಡುಗಿತು ಎಂದೂ ಹೇಳಿದಳು. ನನಗೆ ಏನೂ ಗೊತ್ತಿರಲಿಲ್ಲ. "ಮಾತ್ರ" ಎಂಬ ಪದ ಮಾತ್ರ ಗೊತ್ತಿದ್ದಂತೆ ಹೋಗಿ ಕೂತಿತ್ತು. ದಿನವಿಡೀ ಇನ್ನೊಬ್ಬರ ಮಾತಿನ ಸಂದುಗೊಂದು ಹುಡುಕುವವಳು ನಾನು! ಇಂಥದ್ದಕ್ಕೆ ಯಾವ ಪರೀಕ್ಷೆಯೂ ಅಡ್ಡ ಬರುವುದಿಲ್ಲ. ಆದ್ದರಿಂದ ಹಾಕಿದ ಮೇಲೆ ನೋಡುತ್ತಿರುವುದೂ ಕೆಲಸದ ಭಾಗವೇ.

ಏನನ್ನು ನೋಡಬೇಕು? ಲೈಕನ್ನಲ್ಲ. ನಗುವ ಮುಖ ಎಲ್ಲಕ್ಕಿಂತ ಅಗ್ಗದ ಉತ್ತರ, ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಅಕ್ಕ ಹಾಕಿದ್ದೂ ಅದನ್ನೇ. ನಿಮ್ಮ ಗೆಳೆಯ ಸಾಮಾನ್ಯವಾಗಿ ತಿರುಗಿ ಎರಡು ಏಟು ಹಾಕುವವನಾದರೆ, ಈ ಸಲ ಬರೀ ಒಂದು ಮುಖ ಹಾಕಿ ಸುಮ್ಮನಾದನೇ ಎಂದು ನೋಡಿ. ತಮಾಷೆಗೆ ವಿವರಣೆ ಕೊಟ್ಟನೇ, "ಆಕ್ಚುಲಿ ಅವತ್ತು ಕಾಲು ನೋವಿತ್ತು" ಎನ್ನುವ ಹಾಗೆ? ನಗು ಬಂದವರು ವಿವರಣೆ ಕೊಡುವುದಿಲ್ಲ. ನಿಮಗಿಂತ ಜೋರಾಗಿ ತನ್ನನ್ನೇ ಹೀಯಾಳಿಸಿಕೊಂಡನೇ? ಸದ್ದಿಲ್ಲದೆ ಟ್ಯಾಗ್ ಮಾಯವಾಯಿತೇ? ಇವುಗಳಲ್ಲಿ ಒಂದು ಕಂಡರೆ ನಿರ್ಧಾರಕ್ಕೆ ಬರಬೇಡಿ, ಎರಡು ಕಂಡರೆ ತಡಮಾಡಬೇಡಿ.

ತಡಮಾಡದೆ ಮಾಡುವುದು ಏನು ಎನ್ನುವುದು ಎಲ್ಲಿ ಹಾಕಿದ್ದೀರಿ ಎನ್ನುವುದರ ಮೇಲಿದೆ. ಫೇಸ್‌ಬುಕ್‌ನಲ್ಲಿ ಶೀರ್ಷಿಕೆ ತಿದ್ದಬಹುದು, ಆದರೆ ತಿದ್ದುವ ಮೊದಲಿನ ರೂಪ ಎಡಿಟ್ ಹಿಸ್ಟರಿಯಲ್ಲಿ ಉಳಿಯುತ್ತದೆ, ಬೇಕೆಂದವರು ತೆರೆದು ಓದಬಹುದು. ಚುಚ್ಚಿದ ಸಾಲಾದರೆ ತಿದ್ದುವುದಕ್ಕಿಂತ ಪೋಸ್ಟನ್ನೇ ಅಳಿಸಿ ಹೊಸದಾಗಿ ಹಾಕುವುದು ಲೇಸು, ಅದರ ಜೊತೆಗೆ ಕಾಮೆಂಟುಗಳೂ ಹೋಗುತ್ತವೆ. ವಾಟ್ಸಾಪ್ ಸ್ಟೇಟಸ್ ಆದರೂ ತೆಗೆದು ಮತ್ತೆ ಹಾಕಿ. ಒಮ್ಮೆ ಹೋದ ಟ್ಯಾಗಿನ ಸೂಚನೆಯನ್ನು ಮಾತ್ರ ವಾಪಸು ಕರೆಯಲಾಗುವುದಿಲ್ಲ, ಅವನು ಓದಿಯೇ ಇದ್ದಾನೆ ಎಂದುಕೊಂಡು ನಡೆಯಿರಿ.

ಆಮೇಲೆ ಅವನಿಗೊಬ್ಬನಿಗೇ ಒಂದು ಸಾಲು ಕಳಿಸಿ. "ನಿನಗೆ ಬೇಜಾರಾಗಿದ್ದರೆ ಸಾರಿ" ಎಂದಲ್ಲ. ಆ "ಆಗಿದ್ದರೆ" ಅವನ ಮೇಲೇ ಹೊರೆ ಹೊರಿಸುತ್ತದೆ, ಅವನು ಮತ್ತೆ "ಛೇ, ಏನಿಲ್ಲ ಬಿಡೋ" ಎಂದು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. "ಆ ಪೋಸ್ಟ್ ತೆಗೆದೆ ಕಣೋ. ಕೆಲಸದ ವಿಷಯ ನಾನು ಅಲ್ಲಿ ಎಳೀಬಾರದಿತ್ತು" ಎಂದು ಬರೆದು ನಿಲ್ಲಿಸಿ. ಕೊನೆಗೆ ಪ್ರಶ್ನೆ ಬೇಡ, ಉತ್ತರ ಬರಲಿಲ್ಲ ಎಂದು ಎರಡನೆಯ ಸಂದೇಶವೂ ಬೇಡ.

ನಿಮ್ಮ ವಿಷಯದಲ್ಲಿ ಅಲ್ಲಿಗೆ ಹೋಗುವ ಅಗತ್ಯ ಬರುವುದಿಲ್ಲ ಅಂದುಕೊಂಡಿದ್ದೇನೆ, ಇನ್ನೂ ಹಾಕಿಲ್ಲವಲ್ಲ. ಫೋನಿನ ಸಾಲನ್ನು ಹಾಕುವುದಾದರೆ, ಹಾಕಿದ ಮೇಲೆ ಒಂದು ಗಂಟೆ ಅಲ್ಲೇ ಸುಳಿದಾಡುತ್ತಿರಿ. ಯಾರಾದರೂ ಬಂದು "ಇವನಿಗೆ ಈಗ ಇದೇ ಕೆಲಸಾನಾ?" ಎಂದು ಬರೆಯುವ ಸಾಧ್ಯತೆ ಆಗಲೂ ಇದೆ. ಅವನು ನೋಡುವ ಮೊದಲೇ ಆ ಕಾಮೆಂಟು ಅಳಿಸಿ, ಬರೆದವರಿಗೆ ಬೇರೆಯಾಗಿ ಒಂದು ಮಾತು ಹೇಳಿ. ಪೋಸ್ಟು ನಿಮ್ಮದು, ಅಳಿಸುವ ಗುಂಡಿ ಇರುವುದೂ ನಿಮ್ಮ ಕೈಯಲ್ಲೇ.